ಊಟದ ಆ ಒಂದು ಗಂಟೆ ಯಾರದ್ದು?

ಜೋಹಾನ್ಸ್‌ಬರ್ಗ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು 2025ರ ಜೂನ್‌ನಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. "ಅಕ್ಕಾ, ಮನೆಕೆಲಸಕ್ಕೆ ಬರೋ ಆಂಟಿಗೆ ತಿಂಗಳಿಗೆ ಐದು ಸಾವಿರ ರಾಂಡ್ ಕೊಡ್ತಿದೀವಿ. ಪಕ್ಕದ ಮನೆಯವರು ಅದು ಕಾನೂನಿಗಿಂತ ಕಮ್ಮಿ ಅಂತಾರೆ. ಇವರು ಸರಿಯಾಗೇ ಇದೆ ಅಂತಾರೆ. ಸ್ವಲ್ಪ ಲೆಕ್ಕ ನೋಡ್ತೀಯಾ?"

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ್ದರೂ ಇಂದಿಗೂ ನಾವು ಮಾತಾಡುವುದು ಪಾತ್ರೆಗಿಷ್ಟು, ಬಟ್ಟೆಗಿಷ್ಟು, ನೆಲ ಒರೆಸೋಕೆ ಇಷ್ಟು ಅಂತ. ದಕ್ಷಿಣ ಆಫ್ರಿಕಾದಲ್ಲಿ ಲೆಕ್ಕ ಗಂಟೆಯದು. ಅಲ್ಲಿ 2019ರಲ್ಲಿ ರಾಷ್ಟ್ರೀಯ ಕನಿಷ್ಠ ವೇತನ ಜಾರಿಗೆ ಬಂದಾಗ ಸಾಮಾನ್ಯ ದರ ಗಂಟೆಗೆ 20 ರಾಂಡ್ ಆದರೆ ಮನೆಗೆಲಸದವರಿಗೆ 15 ಮಾತ್ರ. 2022ರಲ್ಲಿ ಎರಡನ್ನೂ ಸಮ ಮಾಡಿದರು. 2025ರ ಮಾರ್ಚ್ 1ರಿಂದ ಅದು ಗಂಟೆಗೆ 28.79 ರಾಂಡ್ ಆಗಿತ್ತು.

ಆಕೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಏಳೂವರೆಗೆ ಬಂದು ಸಂಜೆ ನಾಲ್ಕೂವರೆಗೆ ಹೋಗುತ್ತಾರೆ. ಅಂದರೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 45. ಇದನ್ನು ತಿಂಗಳಿಗೆ ತರುವಾಗಲೇ ಬಹಳ ಮಂದಿ ಎಡವುತ್ತಾರೆ. ತಿಂಗಳೆಂದರೆ ನಾಲ್ಕು ವಾರ ಎಂದು ಗುಣಿಸಿಬಿಡುತ್ತಾರೆ. ವರ್ಷದ 52 ವಾರವನ್ನು 12 ತಿಂಗಳಿಗೆ ಹಂಚಿದರೆ ಸಿಗುವುದು 4.333. ಅದರಿಂದ ಗುಣಿಸಿದರೆ 45 ಗಂಟೆಯ ವಾರ ತಿಂಗಳಿಗೆ 195 ಗಂಟೆಯಾಗುತ್ತದೆ. ಐದು ಸಾವಿರವನ್ನು 195ರಿಂದ ಭಾಗಿಸಿದರೆ ಗಂಟೆಗೆ 25.64 ರಾಂಡ್. ಪಕ್ಕದ ಮನೆಯವರ ಮಾತು ಇಲ್ಲಿಂದ ಬಂದದ್ದು.

ಆದರೆ ಅಲ್ಲಿನ ನಿಯಮದಲ್ಲಿ ಐದು ಗಂಟೆ ಮೀರಿ ಸತತವಾಗಿ ದುಡಿದವರಿಗೆ ಒಂದು ಗಂಟೆ ಊಟದ ಬಿಡುವು ಇದೆ, ಆ ಗಂಟೆಗೆ ಸಂಬಳ ಕೊಡಬೇಕಿಲ್ಲ. ಅದನ್ನು ಕಳೆದರೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 40, ತಿಂಗಳಿಗೆ ಸುಮಾರು 173. ಈಗ ಗಂಟೆಗೆ 28.85 ರಾಂಡ್ ಬೀಳುತ್ತದೆ. ಆರು ಸೆಂಟ್‌ನ ಅಂತರದಲ್ಲಿ ಪಾಸ್! ಭಾವನವರ ಲೆಕ್ಕ ಇದು.

"ಹಾಗಾದ್ರೆ ಸರಿಯಾಯ್ತಲ್ಲ?" ಅಂದಳು. ನಾನು ಕೇಳಿದ್ದು ಒಂದೇ: "ಒಂದರಿಂದ ಎರಡರವರೆಗೆ ಆಕೆ ಎಲ್ಲಿರ್ತಾರೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: ಅಡುಗೆಮನೆಯ ಮೇಜಿನ ಹತ್ತಿರ ಕೂತು ಊಟ ಮಾಡುತ್ತಾರೆ. ಮಗು ಅದೇ ಹೊತ್ತಿಗೆ ಮಲಗಿರುತ್ತದೆ, ಎದ್ದು ಅತ್ತರೆ ಎತ್ತಿಕೊಳ್ಳುತ್ತಾರೆ. ಗೇಟಿನ ಗಂಟೆ ಹೊಡೆದರೆ ಹೋಗಿ ತೆಗೆಯುತ್ತಾರೆ.

ವಿಷಯವೆಲ್ಲ ಇರುವುದು ಇಲ್ಲೇ. ಬಿಡುವಿನಲ್ಲಿ ಕೆಲಸ ಮಾಡಿಸಿದರೆ ಮಾತ್ರವಲ್ಲ, ಕರೆದಾಗ ಕೈಗೆ ಸಿಗುವಂತೆ ಇರಬೇಕೆಂದರೂ ಆ ಹೊತ್ತಿಗೆ ಸಂಬಳ ಕೊಡಬೇಕು ಎನ್ನುತ್ತದೆ ಅಲ್ಲಿನ ನಿಯಮ. ಮಗು ಆ ದಿನ ಏಳಲೇ ಇಲ್ಲ, ಗೇಟು ಬಡಿಯಲೇ ಇಲ್ಲ ಎಂದ ಮಾತ್ರಕ್ಕೆ ಅದು ಬಿಡುವಾಗುವುದಿಲ್ಲ. ಮಗುವಿನ ಮೇಲೆ ಕಿವಿಯಿಟ್ಟು ಉಂಡದ್ದು ಕಾವಲೇ. ಆಕೆ ಆ ಗಂಟೆಯಲ್ಲಿ ಬಾಗಿಲು ದಾಟಿ ಅಂಗಡಿಗೋ ಗೆಳತಿಯ ಹತ್ತಿರಕ್ಕೋ ಹೇಳದೆ ಹೋಗಿಬರಬಹುದೇ? ನಾನು ಕೇಳುವ ಪ್ರಶ್ನೆ ಅದು. ಹೋಗಬಹುದಾದರೆ ಆ ಗಂಟೆ ಆಕೆಯದು. ಇಲ್ಲದಿದ್ದರೆ ಅದನ್ನು ಲೆಕ್ಕದಿಂದ ಕಳೆಯುವ ಹಾಗಿಲ್ಲ.

ಅಂದಮೇಲೆ ಮತ್ತೆ 195 ಗಂಟೆಗೇ ಬಂದೆವು. ಅದಕ್ಕೆ ಕೊಡಬೇಕಾದ್ದು 5,614 ರಾಂಡ್, ಕೊಡುತ್ತಿರುವುದು ಐದು ಸಾವಿರ. ತಿಂಗಳಿಗೆ 614 ಕಡಿಮೆ. ತಂಗಿ ಚೌಕಾಸಿ ಮಾಡಿದಳು: "ವಾರಕ್ಕೆ ಎರಡು ದಿನ ಮಾತ್ರ ಹಾಗೆ ಅಂತಿಟ್ಕೋ. ಮಿಕ್ಕ ದಿನ ನಾನೇ ಮನೇಲಿರ್ತೀನಿ." ಸರಿ, ಆ ಎರಡು ಗಂಟೆಯನ್ನಷ್ಟೇ ಸೇರಿಸಿದೆವು. ವಾರಕ್ಕೆ 42, ತಿಂಗಳಿಗೆ 182 ಗಂಟೆ, ಗಂಟೆಗೆ 27.47. ಆಗಲೂ ಸಾಲದು. ಆರು ಸೆಂಟ್‌ನ ಅಂತರ ಇಂಥದ್ದನ್ನೆಲ್ಲ ತಡೆದುಕೊಳ್ಳುವುದಿಲ್ಲ. ಇಬ್ಬರೂ ಒಪ್ಪಿ ಬಿಡುವನ್ನು ಅರ್ಧ ಗಂಟೆಗೆ ಇಳಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಹಾಗೆ ಇಳಿಸಿದರೂ ಉಳಿದ ಅರ್ಧ ಗಂಟೆ ಕೆಲಸದ ಕಡೆಗೇ ಸೇರಿ ಲೆಕ್ಕ ಕೈಕೊಡುತ್ತದೆ.

"ಮಧ್ಯಾಹ್ನದ ಊಟ ನಮ್ಮದೇ, ಬಸ್ ಚಾರ್ಜೂ ಕೊಡ್ತೀವಲ್ಲ" ಎಂದಳು ಕೊನೆಗೆ. ಅದನ್ನೂ ಸೇರಿಸುವಂತಿಲ್ಲ. ಊಟ, ವಸತಿ, ಪ್ರಯಾಣದ ಖರ್ಚು, ಹಬ್ಬದ ಉಡುಗೊರೆ ಇವು ಯಾವುವೂ ಕನಿಷ್ಠ ವೇತನದ ಲೆಕ್ಕಕ್ಕೆ ಬರುವುದಿಲ್ಲ.

ಮರುವಾರ ತಂಗಿ ಫ್ರಿಜ್ ಮೇಲೆ ಒಂದು ನೋಟುಪುಸ್ತಕ ಇಟ್ಟಳಂತೆ. ಬಂದ ಹೊತ್ತು, ಹೋದ ಹೊತ್ತು, ಊಟದ ನಡುವೆ ಎದ್ದದ್ದುಂಟೇ ಎಂದು ಆಕೆಯೇ ಬರೆಯುತ್ತಾರೆ. ಎರಡು ವಾರದ ಪುಟಗಳ ಫೋಟೋ ನನಗೂ ಬಂತು. ಹತ್ತು ದಿನದಲ್ಲಿ ಏಳು ದಿನ ಒಂದೂ ಕಾಲರ ಆಸುಪಾಸಿನಲ್ಲಿ ಒಂದೇ ಪದ ಇತ್ತು: ಗೇಟು. ಜುಲೈ ತಿಂಗಳಿಂದ ಸಂಬಳ 5,650 ರಾಂಡ್. ಪ್ರತಿ ಮಾರ್ಚ್ 1ಕ್ಕೆ ದರ ಬದಲಾಗುವುದರಿಂದ, ಫೆಬ್ರವರಿಯ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕಿಡಲು ಹೇಳಿದ್ದೇನೆ.