ಮಗುವಿನ ಪ್ರಬಂಧವು ಯಂತ್ರದ ಬರಹದಂತೆ ಕಾಣುವುದೇಕೆ?

ಕಳೆದ ವರ್ಷ ಮಾರಂಡಹಳ್ಳಿ ಸುತ್ತಿನ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಸ್ಪರ್ಧೆಯೊಂದಕ್ಕೆ ಕಳುಹಿಸಿದ ‘ಪರಿಸರ ಸಂರಕ್ಷಣೆ’ ಎಂಬ ಪ್ರಬಂಧವನ್ನು ಬಹುಮಾನದ ಪರಿಶೀಲನೆಯಿಂದ ಕೈಬಿಡಲಾಯಿತು. ಸಂಘಟಕರಲ್ಲೊಬ್ಬರು ಅದನ್ನು ಗಣಕಯಂತ್ರದಲ್ಲಿ ಟೈಪು ಮಾಡಿ, ಬರಹವು ಮನುಷ್ಯರದೋ ಕೃತಕ ಬುದ್ಧಿಮತ್ತೆಯದೋ ಎಂದು ಹೇಳುವ ಪತ್ತೆ ಸಾಧನವೊಂದಕ್ಕೆ ನೀಡಿದ್ದರು. ಸಾಧನವು ಅದನ್ನು ಯಂತ್ರದ ಬರಹವೆಂದು ತೀರ್ಮಾನಿಸಿತ್ತು. ಬಾಲಕಿಯ ಶಿಕ್ಷಕಿ ಆ ಹಾಳೆಗಳನ್ನು ನನ್ನ ಬಳಿಗೆ ತಂದರು. ಓದತೊಡಗಿದೊಡನೆ ನನಗೆ ಸಂಕೋಚವಾಯಿತು. ‘ಮಾನವನು ಪ್ರಕೃತಿಯ ಕೂಸು’ ಎಂದು ಆರಂಭವಾಗುವ ಆ ಪೀಠಿಕೆ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ ತರಬೇತಿಯೊಂದರಲ್ಲಿ ಮಾದರಿಯೆಂದು ನಾನೇ ಹೇಳಿ ಬರೆಯಿಸಿದ್ದು. ಅಂದು ಬರೆದುಕೊಂಡವರಲ್ಲಿ ಈ ಶಿಕ್ಷಕಿಯ ಗುರುಗಳೂ ಇದ್ದರು. ಮೂರು ತಲೆಮಾರು ದಾಟಿ ಬಂದ ವಾಕ್ಯವು ಬಾಲಕಿಯ ಕೈಯಲ್ಲಿ ಅಪರಾಧವಾಗಿ ನಿಂತಿತ್ತು.

ಸಾಧನವು ಹೀಗೇಕೆ ಹೇಳಿತೆಂಬುದನ್ನು ಅರಿಯಲು ಅದು ಏನನ್ನು ಅಳೆಯುತ್ತದೆಂಬುದನ್ನು ಮೊದಲು ತಿಳಿಯಬೇಕು. ಬರೆದವರು ಯಾರೆಂಬುದು ಅದಕ್ಕೆ ಕಾಣುವುದಿಲ್ಲ. ಇಂತಹ ಹಲವು ಸಾಧನಗಳು ಅಳೆಯುವುದು ಒಂದು ಪದದ ಅನಂತರ ಬರುವ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು. ಈ ವಿಚಾರ ಹೊಸದಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1951ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಗ್ಲಿಷ್ ಬರಹದ ಮುಂದಿನ ಅಕ್ಷರವನ್ನು ಜನರಿಂದ ಊಹೆ ಮಾಡಿಸಿ, ಭಾಷೆಯಲ್ಲಿ ಎಷ್ಟು ಪಾಲು ಮೊದಲೇ ನಿಶ್ಚಿತವಾಗಿರುತ್ತದೆ ಎಂದು ಲೆಕ್ಕ ಹಾಕಿದ್ದರು.

ಅದೇ ಆಟವನ್ನು ನಾನು ಶಿಕ್ಷಕರ ಸಭೆಯೊಂದರಲ್ಲಿ ಪದಗಳಿಂದ ಆಡಿಸಿದೆ. ಕಪ್ಪುಹಲಗೆಯ ಮೇಲೆ ‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ’ ಎಂದು ಬರೆದು ನಿಲ್ಲಿಸಿದೆ. ‘ಸಂಬಂಧಿಸಿದಂತೆ’ ಎಂದು ಇಡೀ ಸಭೆ ಒಂದೇ ಕಂಠದಲ್ಲಿ ಹೇಳಿತು. ಮುಂದೆ ‘ತಮ್ಮಲ್ಲಿ’ ಎಂದು ಬರೆದೆ. ‘ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದು ಬರೆಯುವ ಮೊದಲೇ ಬಂತು. ಬಳಿಕ ಬೇರೊಂದು ವಾಕ್ಯವನ್ನು ತೊಡಗಿದೆ: ‘ನಮ್ಮ ರೇಷ್ಮೆಹುಳುಗಳು ನಾಲ್ಕನೆಯ ಜ್ವರಕ್ಕೆ ಮಲಗಿದಾಗ ನಮ್ಮಜ್ಜಿ ಮನೆಯೊಳಗೆ’. ಇಲ್ಲಿ ಸಭೆ ಚದುರಿತು. ಒಬ್ಬರು ‘ದೀಪ’ ಎಂದರು, ಒಬ್ಬರು ‘ಯಾರನ್ನೂ’ ಎಂದರು, ಹಲವರು ಸುಮ್ಮನಾದರು. ನಾನು ಬರೆದದ್ದು ‘ಒಗ್ಗರಣೆ ಹಾಕಲು ಬಿಡುವುದಿಲ್ಲ’ ಎಂದು.

ಇದನ್ನೇ ಲೆಕ್ಕದಲ್ಲಿಡೋಣ. ಮೊದಲನೆಯ ಬಗೆಯ ವಾಕ್ಯದಲ್ಲಿ ನಾಲ್ಕು ಪದಗಳಿವೆಯೆಂದೂ, ಪ್ರತಿ ಪದವೂ ಬರುವ ಸಾಧ್ಯತೆ ಎರಡರಲ್ಲಿ ಒಂದೆಂದೂ ಇಟ್ಟುಕೊಳ್ಳೋಣ. ಆಗ ಪ್ರತಿ ಹೆಜ್ಜೆಯಲ್ಲಿಯೂ ಓದುಗನ ಮುಂದೆ ಸರಾಸರಿ 2 ದಾರಿಗಳಿದ್ದಂತಾಯಿತು. ಎರಡನೆಯ ವಾಕ್ಯದ ನಾಲ್ಕು ಪದಗಳ ಸಾಧ್ಯತೆಗಳು ಕ್ರಮವಾಗಿ 2ರಲ್ಲಿ ಒಂದು, 8ರಲ್ಲಿ ಒಂದು, 64ರಲ್ಲಿ ಒಂದು, ಮತ್ತೆ 64ರಲ್ಲಿ ಒಂದು ಎಂದಿರಲಿ. ಈ ನಾಲ್ಕು ಸಂಖ್ಯೆಗಳನ್ನು ಗುಣಿಸಿ ನಾಲ್ಕನೆಯ ಮೂಲವನ್ನು ತೆಗೆದರೆ 16 ಬರುತ್ತದೆ. ಎಂದರೆ ಪ್ರತಿ ಹೆಜ್ಜೆಗೆ ಸರಾಸರಿ 16 ದಾರಿಗಳು. ಈ ಅಳತೆಗೆ ‘ಪರ್ಪ್ಲೆಕ್ಸಿಟಿ’ ಎಂದು ಹೆಸರು. ನಾವು ಊಹೆಯ ತೊಡಕು ಎನ್ನಬಹುದು. ಯಂತ್ರವು ಬರೆಯುವಾಗ ಹೆಚ್ಚಾಗಿ ಸಾಧ್ಯತೆ ಅಧಿಕವಾಗಿರುವ ಪದಗಳನ್ನೇ ಆರಿಸುವುದರಿಂದ ಅದರ ಬರಹದಲ್ಲಿ ಈ ತೊಡಕು ಕಡಿಮೆ. ಆದುದರಿಂದ ತೊಡಕು ಕಡಿಮೆಯಿರುವ ಬರಹವೆಲ್ಲ ಯಂತ್ರದ್ದಿರಬೇಕೆಂದು ಸಾಧನವು ತರ್ಕಿಸುತ್ತದೆ. 2023ರ ಜನವರಿಯಲ್ಲಿ ಬಂದು ಹೆಸರಾದ ಜಿಪಿಟಿಝೀರೋ ಎಂಬ ಸಾಧನವು ಇದರೊಂದಿಗೆ ವಾಕ್ಯದಿಂದ ವಾಕ್ಯಕ್ಕೆ ಈ ತೊಡಕು ಎಷ್ಟು ಏರಿಳಿಯುತ್ತದೆ ಎಂಬುದನ್ನೂ ನೋಡುತ್ತಿತ್ತು. ಏರಿಳಿತವಿಲ್ಲದ ಸಮತಟ್ಟಾದ ಬರಹ ಅದಕ್ಕೆ ಅನುಮಾನಾಸ್ಪದವಾಗಿತ್ತು.

ದೋಷವಿರುವುದು ಆ ತರ್ಕದಲ್ಲಿಯೇ. ಹಸುವಿಗೆ ನಾಲ್ಕು ಕಾಲುಗಳಿವೆ ಎಂಬುದರಿಂದ ನಾಲ್ಕು ಕಾಲಿನದೆಲ್ಲ ಹಸುವಾಗದು. ಊಹೆಗೆ ಸುಲಭವಾಗಿರಲೆಂದೇ ಮನುಷ್ಯರು ರೂಢಿಸಿಕೊಂಡ ಬರವಣಿಗೆಗಳು ಬಹಳ ಹಿಂದಿನಿಂದಲೂ ಇವೆ. ನಮ್ಮ ಧರ್ಮಪುರಿಯಲ್ಲಿ ದೊರೆತಿರುವ ನೊಳಂಬರ ಕಾಲದ ಕನ್ನಡ ಶಾಸನಗಳನ್ನೂ ಆ ಕಾಲದ ಇತರ ದಾನಶಾಸನಗಳನ್ನೂ ಓದಿದವರು ಬಲ್ಲರು: ರಾಜನ ಬಿರುದಾವಳಿ, ದಾನದ ವಿವರ, ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ, ಇವೆಲ್ಲ ಬಹುಮಟ್ಟಿಗೆ ಸಿದ್ಧ ಸಾಲುಗಳು. ಇಂದಿನ ಕ್ರಯಪತ್ರವೂ ಹಾಗೆಯೇ. ‘ಪುತ್ರಪೌತ್ರ ಪಾರಂಪರ್ಯವಾಗಿ’ ಎಂದು ಬರೆದಲ್ಲಿ ‘ಸುಖವಾಗಿ ಅನುಭವಿಸಿಕೊಂಡು’ ಎಂಬುದು ತಾನಾಗಿ ಹಿಂಬಾಲಿಸುತ್ತದೆ. ಪತ್ರಬರಹಗಾರನಿಗೆ ಕಲ್ಪನೆಯ ಕೊರತೆಯೆಂದು ಇದರಿಂದ ಭಾವಿಸಬಾರದು. ಹೊಸ ಪದವನ್ನು ಬಳಸಿದರೆ ನಾಳೆ ನ್ಯಾಯಾಲಯದಲ್ಲಿ ಪದ ಬೇರೆಯಾದುದರಿಂದ ಅರ್ಥವೂ ಬೇರೆಯೆಂಬ ವಾದಕ್ಕೆ ಎಡೆಯಾಗುತ್ತದೆ. ಪದವನ್ನು ಬದಲಿಸದಿರುವುದೇ ಅವನ ವೃತ್ತಿಯ ಎಚ್ಚರ. ವಿಜ್ಞಾನದ ಪ್ರಯೋಗ ವರದಿಯಲ್ಲಿಯೂ ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂಬ ಕ್ರಮ ತಪ್ಪುವಂತಿಲ್ಲ. ಆಮ್ಲಕ್ಕೆ ಬದಲು ಸೊಗಸಾದ ಪರ್ಯಾಯಪದವನ್ನು ಹುಡುಕುವಂತೆಯೂ ಇಲ್ಲ.

ಕಾನೂನು ಬರಹಗಳ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಪ್ರಸಿದ್ಧವಾದ ಕಾನೂನು ಪಾಠಗಳು ಭಾಷಾ ಮಾದರಿಗಳು ಓದಿ ಕಲಿತ ರಾಶಿಯಲ್ಲಿ ಮತ್ತೆ ಮತ್ತೆ ಬಂದಿರುತ್ತವೆ. ಆದ್ದರಿಂದ ಅವುಗಳ ಮುಂದಿನ ಪದವನ್ನು ಯಂತ್ರವು ಊಹಿಸಬೇಕಾಗಿಯೇ ಇಲ್ಲ, ನೆನಪಿಸಿಕೊಂಡರೆ ಸಾಕು. 1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನವನ್ನು ಪತ್ತೆ ಸಾಧನಗಳು ಯಂತ್ರದ ರಚನೆಯೆಂದು ಹೇಳಿದ ವಿಚಿತ್ರಕ್ಕೆ ಇದೇ ಕಾರಣವೆಂದು ಜಿಪಿಟಿಝೀರೋ ರೂಪಿಸಿದವರೇ ವಿವರಿಸಿದರು.

ಈಗ ಮಾರಂಡಹಳ್ಳಿಯ ಬಾಲಕಿಗೆ ಮರಳೋಣ. ಅವಳ ಮನೆಯ ಮಾತು ಕನ್ನಡವೇ; ಆದರೆ ಅದು ‘ಹುಳ ಜರಕ್ಕೆ ಬಿದ್ದವೆ’ ಎನ್ನುವ ಕನ್ನಡ. ಬೀದಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅವಳಾಡುವುದು ತಮಿಳು. ಪ್ರಬಂಧಕ್ಕೆ ಬೇಕಾಗುವ ಶಿಷ್ಟ ಕನ್ನಡವು ಅವಳಿಗೆ ದೊರೆಯುವುದು ಪಠ್ಯಪುಸ್ತಕ, ಗೈಡು ಮತ್ತು ನಮ್ಮ ಉಕ್ತಲೇಖನ, ಈ ಮೂರರಿಂದ ಮಾತ್ರ. ಬೆಂಗಳೂರಿನ ಮಗುವಿಗೆ ಪತ್ರಿಕೆ, ನಾಟಕ, ಸಭೆಗಳಿಂದಲೂ ಶಿಷ್ಟ ಕನ್ನಡ ಕಿವಿಗೆ ಬೀಳುವ ಅವಕಾಶವಿದೆ. ಸಿಕ್ಕ ಪದಗಳು ಕಡಿಮೆಯಾದಾಗ ಬರೆಯುವ ದಾರಿಗಳೂ ಕಡಿಮೆಯಾಗುತ್ತವೆ. ಸಾಧನವು ಎಣಿಸುವುದು ಆ ದಾರಿಗಳನ್ನೇ.

ಇಂಗ್ಲಿಷಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಸಾಧನಗಳಿಗೆ ನೀಡಿದರು. ಎಲ್ಲವೂ ಮನುಷ್ಯರೇ ಬರೆದವು. ಆದರೂ ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಯಂತ್ರದವೆಂದು ಸಾಧನಗಳು ಹೇಳಿದವು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಪ್ರಬಂಧಗಳ ವಿಷಯದಲ್ಲಿ ಅವೇ ಸಾಧನಗಳು ಬಹುತೇಕ ಸರಿಯಾಗಿ ಹೇಳಿದ್ದವು.

ಕನ್ನಡ ಲಿಪಿಯಿಂದಲೂ ಒಂದು ತೊಡಕುಂಟು. ಗಣಕಯಂತ್ರದ ಸಾಮಾನ್ಯ ಸಂಕೇತಕ್ರಮವಾದ UTF-8ರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯೂ ಮೂರು ತುಣುಕುಗಳಾಗಿ ಉಳಿಯುತ್ತದೆ. ‘ಕ’ ಎಂಬುದು `E0 B2 95`, ‘ಮ’ ಎಂಬುದು `E0 B2 AE`. ಮೊದಲ ತುಣುಕು ಯಾವಾಗಲೂ `E0`. ಎರಡನೆಯದು `B2` ಅಥವಾ `B3`, ಎರಡರಲ್ಲೊಂದು. ಹೊಸತೇನಾದರೂ ಇದ್ದರೆ ಅದು ಬಹುಮಟ್ಟಿಗೆ ಮೂರನೆಯದರಲ್ಲಿ ಮಾತ್ರ. ಕನ್ನಡವನ್ನು ಹೆಚ್ಚು ಓದದ ಕೆಲವು ಮಾದರಿಗಳು ಪದವನ್ನು ಹೀಗೆ ತುಣುಕು ತುಣುಕಾಗಿಯೇ ಓದುತ್ತವೆ. ಆಗ ಮೂರರಲ್ಲಿ ಎರಡು ಊಹೆಗಳು ಹೆಚ್ಚಿನ ಶ್ರಮವಿಲ್ಲದೆ ಸರಿಯಾಗಿ, ಕವಿಯೇ ಬರೆದ ಸಾಲಾದರೂ ಸುಲಭವಾಗಿ ಊಹಿಸಬಲ್ಲದ್ದೆಂದು ತೋರೀತು. ಇಂಗ್ಲಿಷಿಗೆ ಹೊಂದಿಸಿದ ಅಳತೆಗೋಲನ್ನು ಕನ್ನಡಕ್ಕೆ ಹಿಡಿದಾಗ ಬರುವ ಅಂಕಿಗೆ ಅರ್ಥವಿದೆಯೆಂದು ನಾನು ಒಪ್ಪಲಾರೆ.

ಅಳತೆಗೋಲು ಇಂಗ್ಲಿಷಿನಲ್ಲಿಯೇ ಎಷ್ಟು ನಂಬಲರ್ಹವಾಗಿತ್ತು? ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆ 2023ರ ಜನವರಿಯಲ್ಲಿ ತನ್ನದೇ ಪತ್ತೆ ಸಾಧನವನ್ನು ಹೊರತಂದಿತು. ತನ್ನ ಪರೀಕ್ಷೆಯಲ್ಲಿ ಯಂತ್ರದ ಬರಹಗಳಲ್ಲಿ ಶೇ. 26ನ್ನು ಅದು ಗುರುತಿಸಿತೆಂದೂ, ಮನುಷ್ಯರ ಬರಹಗಳಲ್ಲಿ ಶೇ. 9ನ್ನು ತಪ್ಪಾಗಿ ಯಂತ್ರದ್ದೆಂದಿತೆಂದೂ ಸಂಸ್ಥೆಯೇ ತಿಳಿಸಿತು. ನಿಖರತೆ ಸಾಲದೆಂದು ಅದೇ ವರ್ಷದ ಜುಲೈ ತಿಂಗಳಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ ಅಂಕಿಗಳನ್ನು ನಮ್ಮ ಸ್ಪರ್ಧೆಗೆ ಅನ್ವಯಿಸಿ ನೋಡೋಣ. ಬಂದ ಪ್ರಬಂಧಗಳು 200. ಅವುಗಳಲ್ಲಿ 20 ನಿಜವಾಗಿಯೂ ಯಂತ್ರದವು ಎಂದಿರಲಿ. ಸಾಧನವು ಆ 20ರಲ್ಲಿ 5ನ್ನು ಹಿಡಿಯುತ್ತದೆ. ಉಳಿದ 180 ಮಕ್ಕಳಲ್ಲಿ 16 ಮಂದಿಯ ಮೇಲೆ ಸುಳ್ಳು ಆರೋಪ ಹೊರಿಸುತ್ತದೆ. ಸಿಕ್ಕಿಬಿದ್ದ 21ರಲ್ಲಿ 16 ನಿರಪರಾಧಿಗಳು; 15 ಅಪರಾಧಿಗಳು ನಿರಾಯಾಸವಾಗಿ ಪಾರಾದರು.

ಹಾಗೆಂದು ಸಾಧನವನ್ನು ತಪ್ಪಿಸಲು ವಾಕ್ಯಗಳನ್ನು ವಕ್ರಗೊಳಿಸಿ ಬರೆಯಿರಿ ಎಂದು ಮಕ್ಕಳಿಗೆ ಕಲಿಸುವುದನ್ನು ನಾನು ಒಪ್ಪುವುದಿಲ್ಲ. ರಜೆಯ ಅರ್ಜಿ ರಜೆಯ ಅರ್ಜಿಯಂತೆಯೇ ಇರಬೇಕು. ಪ್ರಯೋಗ ವರದಿಯೂ ಹಾಗೆಯೇ. ಪರೀಕ್ಷೆಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರಗಳಿಗೆ ಅಂಕ ನಿಗದಿಯಾಗಿರುವಾಗ ಮಗು ಅವುಗಳನ್ನು ಬಿಡುವಂತಿಲ್ಲ. ಬರಹ ಮಗುವಿನದೇ ಎಂಬ ಅನುಮಾನ ಬಂದಲ್ಲಿ ಶಿಕ್ಷಕರು ನೋಡಬೇಕಾದುದು ಬೇರೆ ಕಡೆ: ಕರಡು ಹಾಳೆ, ಹಿಂದಿನ ಟಿಪ್ಪಣಿ ಪುಸ್ತಕ, ಮತ್ತು ಮಗುವಿನೊಡನೆ ಹತ್ತು ನಿಮಿಷದ ಮಾತು. ತಾನು ಬರೆದ ವಾಕ್ಯವನ್ನು ಮಗು ತನ್ನ ಮಾತಿನಲ್ಲಿ ಬಿಡಿಸಿ ಹೇಳಬಲ್ಲುದೇ, ಅದಕ್ಕೊಂದು ಉದಾಹರಣೆ ಕೊಡಬಲ್ಲುದೇ ಎಂದು ಕೇಳಬೇಕು. ಕಂಠಪಾಠವೂ ಈ ಮಾತಿನಲ್ಲಿ ಬಯಲಾಗುತ್ತದೆ. ಆದರೆ ಕಂಠಪಾಠ ಕಳ್ಳತನವಲ್ಲ, ಬಹುಪಾಲು ಅದು ನಮ್ಮದೇ ಬೋಧನೆಯ ಫಲ.

ಬಾಲಕಿಯನ್ನು ನಾನೂ ಅವಳ ಶಿಕ್ಷಕಿಯೂ ಕೂರಿಸಿಕೊಂಡು ಕೇಳಿದೆವು. ಪೀಠಿಕೆ ಎಲ್ಲಿಯದೆಂದಾಗ ‘ಟೀಚರ್ ಬರೆಸಿದ್ದು ಸಾರ್’ ಎಂದಳು. ಟಿಪ್ಪಣಿ ಪುಸ್ತಕದಲ್ಲಿ ಅದು ಇತ್ತು. ಪರಿಸರ ಮಲಿನವಾದರೆ ನಿಮ್ಮ ಮನೆಗೇನು ತೊಂದರೆ ಎಂದು ಕೇಳಿದಾಗ, ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದ ದಿನ ಗಾಳಿ ತಮ್ಮ ಹಿಪ್ಪುನೇರಳೆ ತೋಟದ ಕಡೆಗೆ ಬೀಸಿದ್ದನ್ನೂ, ಆ ಸೊಪ್ಪು ತಿಂದ ಹುಳುಗಳು ತಟ್ಟೆಯಲ್ಲಿಯೇ ಸತ್ತುದನ್ನೂ ತಡವರಿಸದೆ ಹೇಳಿದಳು. ಇದನ್ನೇಕೆ ಬರೆಯಲಿಲ್ಲ ಎಂದೆ. ‘ಅದು ಪ್ರಬಂಧದಲ್ಲಿ ಬರಬಹುದಾ ಸಾರ್?’ ಎಂದು ಕೇಳಿದಳು. ಟಿಪ್ಪಣಿ ಪುಸ್ತಕದ ಪುಟದ ಪ್ರತಿಯೊಂದಿಗೆ ಸಂಘಟಕರಿಗೆ ಪತ್ರ ಬರೆದೆವು. ಅವರು ಪ್ರಬಂಧವನ್ನು ಮರಳಿ ಪರಿಶೀಲನೆಗೆ ಸೇರಿಸಿಕೊಂಡರು. ನಮ್ಮ ಪತ್ರವೂ ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೇ ಆರಂಭವಾಗಿತ್ತು.