ಕಂಪನಿಯ ಹೆಸರು ಅಳಿಸಿದರೆ ಬಾಕಿಯೂ ಅಳಿದುಹೋಗುತ್ತಾ?

ಪೀಣ್ಯ, ಟಿ. ದಾಸರಹಳ್ಳಿ ಸುತ್ತಮುತ್ತ ಶೆಡ್ಡಿಗೆ ಬೀಗ ಬಿದ್ದರೆ ಕಂಪನಿ ಮುಚ್ಚಿತು ಅಂತೀವಿ. ಆದರೆ ಕಾನೂನಿನ ಲೆಕ್ಕದಲ್ಲಿ ಬೀಗ ಹಾಕುವುದು ಬೇರೆ, ಕಂಪನಿ ಇಲ್ಲವಾಗುವುದು ಬೇರೆ. ಪ್ರೈವೇಟ್ ಲಿಮಿಟೆಡ್ ಕಂಪನಿ ರಿಜಿಸ್ಟರಿನಿಂದ ಹೊರಹೋಗಲು ಮುಖ್ಯವಾಗಿ ಎರಡು ದಾರಿಗಳಿವೆ: ಸ್ಟ್ರೈಕ್ ಆಫ್ ಮತ್ತು ವೈಂಡಿಂಗ್ ಅಪ್. ಮಾಲೀಕರು ಯಾವ ದಾರಿ ಹಿಡಿದರು ಅನ್ನುವುದರ ಮೇಲೆ ಕಾರ್ಮಿಕರ ಬಾಕಿಯ ಗತಿ ನಿಂತಿದೆ.

ಅಳಿಸುವ ದಾರಿ

ಸ್ಟ್ರೈಕ್ ಆಫ್ ಅಂದರೆ ಹೆಸರು ತೆಗೆದುಹಾಕುವುದು ಅಷ್ಟೇ. 2013ರ ಕಂಪನಿ ಕಾಯ್ದೆಯ 248ನೇ ಸೆಕ್ಷನ್ ಇದಕ್ಕೆ ಆಧಾರ. ಎರಡು ಹಣಕಾಸು ವರ್ಷ ವ್ಯವಹಾರವೇ ನಡೆಸದ ಕಂಪನಿಯನ್ನು ರಿಜಿಸ್ಟ್ರಾರ್ ತಾವಾಗಿಯೇ ನೋಟಿಸ್ ಕೊಟ್ಟು ಅಳಿಸಬಹುದು. 2017ರಲ್ಲಿ ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಹೋಗಿದ್ದು ಹೀಗೆ.

ಕಂಪನಿಯೇ ಅರ್ಜಿ ಹಾಕುವುದಾದರೆ ಶರತ್ತು ಕಟ್ಟುನಿಟ್ಟು. ಮೊದಲು ಎಲ್ಲ ಸಾಲ, ಬಾಕಿ ತೀರಿಸಿರಬೇಕು. ಬಂಡವಾಳದ ಲೆಕ್ಕದಲ್ಲಿ ಶೇ. 75ರಷ್ಟು ಷೇರುದಾರರ ಒಪ್ಪಿಗೆಯಾದರೂ ಬೇಕು, ಇಲ್ಲವೇ ವಿಶೇಷ ನಿರ್ಣಯ ಬೇಕು. ಆಮೇಲೆ 10,000 ರೂ. ಶುಲ್ಕದ ಜೊತೆ STK-2 ಫಾರಂ ಸಲ್ಲಿಸಬೇಕು. ಇದರ ಜೊತೆ ಪ್ರತಿ ಡೈರೆಕ್ಟರ್ ಒಂದು ಮುಚ್ಚಳಿಕೆ ಕೊಡುತ್ತಾರೆ: ಮುಂದೆ ಯಾವುದಾದರೂ ನ್ಯಾಯವಾದ ಬಾಕಿ ಎದ್ದರೆ ನಾವು ತೀರಿಸುತ್ತೇವೆ ಅಂತ. ರಿಜಿಸ್ಟ್ರಾರ್ ತಾವಾಗಿ ಅಳಿಸಿದಾಗ ಈ ಮುಚ್ಚಳಿಕೆ ಇರುವುದಿಲ್ಲ.

ಇಲ್ಲಿರುವ ತೊಡಕು ಇಷ್ಟೇ: ಬಾಕಿ ಇಲ್ಲ ಅಂತ ಹೇಳುವವರು ಡೈರೆಕ್ಟರ್‌ಗಳು, ಲೆಕ್ಕಕ್ಕೆ ಸಹಿ ಹಾಕುವವರು ಅವರ ಸಿಎ. ಕಾರ್ಮಿಕರನ್ನು ಕರೆದು ಕೇಳುವವರು ಯಾರೂ ಇಲ್ಲ. ಸಾರ್ವಜನಿಕ ನೋಟಿಸ್ ಹೊರಡುತ್ತದೆ, ಆಕ್ಷೇಪಣೆಗೆ 30 ದಿನ ಸಿಗುತ್ತದೆ. ಅದನ್ನು ನೋಡದವರಿಗೆ ಗೊತ್ತಾಗುವುದೇ ಇಲ್ಲ.

ಲೆಕ್ಕ ಚುಕ್ತಾ ಮಾಡುವ ದಾರಿ

ಸಾಲ ತೀರಿಸುವ ಶಕ್ತಿ ಇರುವ ಕಂಪನಿ ತಾನಾಗಿಯೇ ಮುಚ್ಚಿಕೊಳ್ಳುವುದಕ್ಕೆ ಈಗ ದಿವಾಳಿ ಸಂಹಿತೆಯ 59ನೇ ಸೆಕ್ಷನ್ ಇದೆ. ಇಲ್ಲಿ ಲಿಕ್ವಿಡೇಟರ್ ಅನ್ನುವ ಹೊರಗಿನ ವ್ಯಕ್ತಿ ಬರುತ್ತಾರೆ. ಅವರು ಬಾಕಿ ಇದ್ದವರು ಬನ್ನಿ ಅಂತ ಪ್ರಕಟಣೆ ಕೊಡುತ್ತಾರೆ, ಹಕ್ಕುದಾವೆಗಳನ್ನು ಪರಿಶೀಲಿಸುತ್ತಾರೆ, ಆಸ್ತಿ ಮಾರಿ ಹಂಚುತ್ತಾರೆ. ಕೊನೆಗೆ ಕಂಪನಿ ಕಾನೂನು ನ್ಯಾಯಮಂಡಳಿ ಆದೇಶ ಕೊಟ್ಟಾಗಲೇ ಕಂಪನಿ ವಿಸರ್ಜನೆಯಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ದಾಸರಹಳ್ಳಿಯ ಒಂದು ಮಷೀನ್ ಶಾಪ್, ಎರಡು ವರ್ಷದಿಂದ ಆರ್ಡರ್ ಇಲ್ಲ. ಹತ್ತು ಜನ ಕಾರ್ಮಿಕರು, ತಲಾ ಏಳು ವರ್ಷ ಸೇವೆ, ಕೊನೆಯ ಸಂಬಳ 20,800 ರೂ. ಗ್ರಾಚ್ಯುಟಿ ಲೆಕ್ಕ ಹಾಕುವುದು ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದಂತೆ. ಅಂದರೆ ವರ್ಷಕ್ಕೆ 12,000, ಒಬ್ಬರಿಗೆ 84,000, ಹತ್ತು ಜನಕ್ಕೆ 8.4 ಲಕ್ಷ ರೂ. ಕಚ್ಚಾ ಮಾಲು ಕೊಟ್ಟವರಿಗೆ 3 ಲಕ್ಷ ಬಾಕಿ. ಮಷೀನುಗಳನ್ನು ಮಾರಿದರೆ 18 ಲಕ್ಷ ಬರುತ್ತದೆ.

ಲಿಕ್ವಿಡೇಟರ್ ಬಂದರೆ ಅವರ ಖರ್ಚು ಕಳೆದು 11.4 ಲಕ್ಷ ಬಾಕಿದಾರರಿಗೆ ಹೋಗುತ್ತದೆ, ಉಳಿದದ್ದು ಷೇರುದಾರರಿಗೆ. ಅದೇ ಮಷೀನು ಮಾರಿ ಹಣ ಜೇಬಿಗಿಳಿಸಿ, ಬಾಕಿ ಸೊನ್ನೆ ಅಂತ ಬರೆದು STK-2 ಹಾಕಿದರೆ? ಅದು ಸುಳ್ಳು ಅರ್ಜಿ. ಹಾಗೆ ಮಾಡಿದವರು ಬಾಕಿದಾರರ ನಷ್ಟಕ್ಕೆ ಖುದ್ದು ಹೊಣೆ ಅಂತ 251ನೇ ಸೆಕ್ಷನ್ ಹೇಳುತ್ತದೆ. ಆದರೆ ಸುಳ್ಳು ಅಂತ ಸಾಬೀತು ಮಾಡುವ ಹೊರೆ ಬೀಳುವುದು ಕಾರ್ಮಿಕರ ಹೆಗಲಿಗೇ.

ಹಾಗಂತ ಸ್ಟ್ರೈಕ್ ಆಫ್ ಮೋಸವಲ್ಲ. ಸಾಲವೂ ಆಸ್ತಿಯೂ ಇಲ್ಲದ ಸ್ಟಾರ್ಟ್‌ಅಪ್‌ಗೆ ಲಿಕ್ವಿಡೇಟರ್ ಖರ್ಚು ದಂಡ. ಕೊಡಬೇಕಾದದ್ದೆಲ್ಲ ಕೊಟ್ಟು ಮುಗಿಸಿದ ಮಾಲೀಕರೂ ಈ ದಾರಿ ಹಿಡಿಯಬಹುದು.

ಹೆಸರು ಹೋದ ಮೇಲೆ

ಅಳಿಸಿದ ಮೇಲೂ ಡೈರೆಕ್ಟರ್, ಷೇರುದಾರರ ಮೇಲೆ ಮೊದಲಿದ್ದ ಹೊಣೆ ಹಾಗೇ ಉಳಿಯುತ್ತದೆ. ಇದು ಹೊಸ ಹೊಣೆಯಲ್ಲ. ಕಂಪನಿಯ ಸಾಲ ತಾನಾಗಿ ಅವರ ಸ್ವಂತ ಸಾಲವಾಗುವುದಿಲ್ಲ. ಅದಕ್ಕೇ ಕಂಪನಿಗೆ ಮತ್ತೆ ಜೀವ ಕೊಡಿಸುವ ದಾರಿ ಮುಖ್ಯ. 252ನೇ ಸೆಕ್ಷನ್ ಪ್ರಕಾರ ಗೆಜೆಟ್ ಪ್ರಕಟಣೆಯಿಂದ 20 ವರ್ಷದೊಳಗೆ ಸದಸ್ಯರು, ಸಾಲ ಕೊಟ್ಟವರು ಅಥವಾ ಕಾರ್ಮಿಕರು ಹೆಸರನ್ನು ವಾಪಸ್ ಸೇರಿಸಿ ಅಂತ ನ್ಯಾಯಮಂಡಳಿಗೆ ಹೋಗಬಹುದು. ಕಾಯ್ದೆಯಲ್ಲಿ ಕಾರ್ಮಿಕ ಅನ್ನುವ ಪದವೇ ಇದೆ.

ಆದರೆ ಬಾಕಿಗಾಗಿ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯಬೇಕಾದರೆ ಕನಿಷ್ಠ 1 ಕೋಟಿ ರೂ. ಬಾಕಿ ಇರಬೇಕು ಅಂತ 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿತು. ಮೊದಲು ಅದು 1 ಲಕ್ಷ ಇತ್ತು. ಕಾರ್ಮಿಕರ ಪರವಾಗಿ ಸಂಘ ಅರ್ಜಿ ಹಾಕಬಹುದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ನಮ್ಮ ಉದಾಹರಣೆಯ 8.4 ಲಕ್ಷ ಆ ಬಾಗಿಲ ಹತ್ತಿರಕ್ಕೂ ಬರುವುದಿಲ್ಲ.

ಹಾಗಾಗಿ ಸಣ್ಣ ಕಾರ್ಖಾನೆಯ ಕಾರ್ಮಿಕರಿಗೆ ಆ 30 ದಿನವೇ ಸುಲಭದ ಅವಕಾಶ. ಶೆಡ್ಡಿಗೆ ಬೀಗ ಬಿದ್ದ ದಿನದಿಂದ mca.gov.in ತಾಣದಲ್ಲಿ ಕಂಪನಿಯ ಸ್ಟೇಟಸ್ ನೋಡುತ್ತಿರಬೇಕು. ಅಲ್ಲಿ Active ಹೋಗಿ Under Process of Striking Off ಅಂತ ಬಂತು ಅಂದರೆ ತಡಮಾಡದೆ ಸಂಬಳದ ಚೀಟಿ, ಬಾಕಿ ಲೆಕ್ಕದ ಸಮೇತ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಸ್ಟೇಟಸ್ Strike Off ಆದ ಮೇಲೆ ಅದೇ ಮಾತನ್ನು ಹೇಳಲು ವಕೀಲರು ಬೇಕು, ನ್ಯಾಯಮಂಡಳಿ ಬೇಕು, ವರ್ಷಗಳು ಬೇಕು.