ನೆಲ ಸಿಗದ ಸರ್ಕ್ಯೂಟ್

ಒಂದು ತಂತಿಯ ವೋಲ್ಟೇಜ್ ಎಷ್ಟು ಎಂದು ಕೇಳಿದರೆ ಅದು ಅರ್ಧ ಪ್ರಶ್ನೆ. ಮಲ್ಟಿಮೀಟರಿಗೆ ಕೆಂಪು, ಕಪ್ಪು ಎಂದು ಎರಡು ಪ್ರೋಬ್ ಇರುವುದು ಸುಮ್ಮನೆ ಅಲ್ಲ. ಕಪ್ಪು ಪ್ರೋಬ್ ಎಲ್ಲಿದೆ ಎಂದು ಹೇಳದೆ ಕೆಂಪು ಪ್ರೋಬಿನ ಅಂಕಿಗೆ ಅರ್ಥ ಬರುವುದಿಲ್ಲ. ಕಾಗದದ ಮೇಲೆ ಲೆಕ್ಕ ಹಾಕುವಾಗಲೂ ಹೀಗೆಯೇ. ಸರ್ಕ್ಯೂಟಿನಲ್ಲಿ ತಂತಿಗಳು ಕೂಡುವ ಒಂದೊಂದು ಜಾಗವನ್ನೂ ನೋಡ್ ಎನ್ನುತ್ತಾರೆ. ಅವುಗಳಲ್ಲಿ ಒಂದನ್ನು ಆರಿಸಿ ‘ಇದು ಸೊನ್ನೆ’ ಎಂದು ಗೊತ್ತುಮಾಡಿಕೊಂಡರೆ ಅದೇ ರೆಫರೆನ್ಸ್ ನೋಡ್, ಬಾಯಿಮಾತಿನಲ್ಲಿ ಗ್ರೌಂಡ್.

ಯಾವುದನ್ನು ಬೇಕಾದರೂ ಆರಿಸಬಹುದು, ಉತ್ತರ ಕೆಡುವುದಿಲ್ಲ. ಆದರೆ ಕೆಲಸ ಹೆಚ್ಚುಕಡಿಮೆ ಆಗುತ್ತದೆ. 12 ವೋಲ್ಟಿನ ಒಂದು ಬ್ಯಾಟರಿ, ಅದರ ಪ್ಲಸ್ ತುದಿಯಿಂದ 2 ಕಿಲೋಓಮ್, ಅಲ್ಲಿಂದ ಮೈನಸ್ ತುದಿಗೆ 4 ಕಿಲೋಓಮ್ ರೆಸಿಸ್ಟರ್ ಇದೆ ಎನ್ನೋಣ. ಮೈನಸ್ ತುದಿಯನ್ನು ಸೊನ್ನೆ ಎಂದುಕೊಂಡರೆ ಪ್ಲಸ್ ತುದಿ 12 ಎಂಬುದು ಕೇಳದೆಯೇ ಗೊತ್ತು. ಉಳಿಯುವುದು ನಡುವಿನ ನೋಡ್ ಒಂದೇ. ಅಲ್ಲಿಂದ ಹೊರಡುವ ಕರೆಂಟುಗಳ ಮೊತ್ತ ಸೊನ್ನೆ ಎಂಬ ಕಿರ್ಚಾಫ್ ನಿಯಮವನ್ನು ಬರೆದರೆ:

(V − 12)/2 + V/4 = 0

V = 8 ವೋಲ್ಟ್. ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು.

ಈಗ ನಡುವಿನ ನೋಡನ್ನೇ ಸೊನ್ನೆ ಮಾಡಿಕೊಂಡರೆ? ಬ್ಯಾಟರಿಯ ಎರಡು ತುದಿಗಳೂ ಗೊತ್ತಿಲ್ಲದವಾಗುತ್ತವೆ. ಬ್ಯಾಟರಿಯಲ್ಲಿ ಹರಿಯುವ ಕರೆಂಟನ್ನು ವೋಲ್ಟೇಜಿನಿಂದ ನೇರವಾಗಿ ಬರೆಯಲಾಗದು. ಆದ್ದರಿಂದ ಎರಡೂ ತುದಿಗಳನ್ನು ಸೇರಿಸಿ ಸೂಪರ್‌ನೋಡ್ ಮಾಡಿ, ಒಂದು ಕರೆಂಟಿನ ಸಮೀಕರಣ, ಜೊತೆಗೆ ‘ವ್ಯತ್ಯಾಸ 12’ ಎಂಬ ಇನ್ನೊಂದು ಸಮೀಕರಣ ಬರೆಯಬೇಕು. ಪ್ಲಸ್ ತುದಿ 4, ಮೈನಸ್ ತುದಿ −8 ಎಂದು ಬರುತ್ತದೆ. ರೆಸಿಸ್ಟರುಗಳ ಮೇಲಿನ ವೋಲ್ಟೇಜ್ ಮೊದಲಿನಂತೆ 4 ಮತ್ತು 8. ಸುತ್ತುಬಳಸಿ ಅದೇ ಊರು ಸೇರಿದಂತಾಯಿತು, ಅಷ್ಟೆ.

ಅನುಭವಿಗಳು ಸಾಮಾನ್ಯವಾಗಿ ವೋಲ್ಟೇಜ್ ಮೂಲಗಳ ಒಂದೊಂದು ತುದಿ ಬಂದು ಸೇರುವ, ಹೆಚ್ಚು ಕವಲುಗಳು ಕೂಡುವ ನೋಡನ್ನೇ ರೆಫರೆನ್ಸ್ ಮಾಡಿಕೊಳ್ಳುವುದು ಇದಕ್ಕೇ. ಬಹುತೇಕ ಅದು ಸಪ್ಲೈಯ ಮೈನಸ್ ಗೆರೆ. +15 ಮತ್ತು −15 ವೋಲ್ಟ್ ಎರಡೂ ಇರುವ ಆಂಪ್ಲಿಫೈಯರಿನಲ್ಲಿ ಮಾತ್ರ ಎರಡು ಸಪ್ಲೈಗಳು ಕೂಡುವ ನಡುವಿನ ಬಿಂದುವೇ ಲೇಸು.

ಇಲ್ಲಿಯವರೆಗೆ ಸೋಮಾರಿತನದ ಮಾತಾಯಿತು. ರೆಫರೆನ್ಸ್ ಆರಿಸಿದ ಮೇಲೂ ಉತ್ತರವೇ ಬಾರದ ಸರ್ಕ್ಯೂಟುಗಳಿವೆ.

230 ವೋಲ್ಟಿನಿಂದ 12 ವೋಲ್ಟಿಗೆ ಇಳಿಸುವ ಸಾಮಾನ್ಯ ಟ್ರಾನ್ಸ್‌ಫಾರ್ಮರನ್ನು ತೆಗೆದುಕೊಳ್ಳಿ. ಪ್ರೈಮರಿ ಸುರುಳಿಯ ಒಂದು ತುದಿಗೆ ಗ್ರೌಂಡ್ ಗುರುತು ಹಾಕಿದ್ದೇವೆ. ಸೆಕೆಂಡರಿ ಸುರುಳಿಯ ಒಳರೋಧ 10 ಓಮ್, ಅದಕ್ಕೆ ಜೋಡಿಸಿದ ಲೋಡ್ 30 ಓಮ್. ಎರಡು ಸುರುಳಿಗಳ ನಡುವೆ ಕಾಂತಕ್ಷೇತ್ರದ ನಂಟಿದೆ, ತಂತಿಯ ನಂಟಿಲ್ಲ. ಲೋಡಿನ ಎರಡು ತುದಿಗಳನ್ನು ಎ, ಬಿ ಎನ್ನೋಣ. 10 ಓಮಿನ ಹಿಂದಿರುವ 12 ವೋಲ್ಟನ್ನು 1.2 ಆಂಪಿಯರಿನ ಕರೆಂಟ್ ಮೂಲ ಮತ್ತು ಅದಕ್ಕೆ ಸಮಾಂತರವಾದ 10 ಓಮ್ ಎಂದು ಬದಲಿಸಿ ಬರೆದರೆ ಎರಡು ನೋಡ್ ಸಮೀಕರಣಗಳು ಹೀಗೆ:

(Va − Vb)/10 + (Va − Vb)/30 = 1.2

(Vb − Va)/10 + (Vb − Va)/30 = −1.2

ಎರಡನೆಯದು ಮೊದಲನೆಯದನ್ನೇ −1ರಿಂದ ಗುಣಿಸಿದ್ದು. ಹೇಳಬೇಕಾದ ಸಂಗತಿ ಒಂದೇ, ಅದನ್ನು ಎರಡು ಬಾರಿ ಹೇಳಿದೆ: Va − Vb = 9. ಎ 9, ಬಿ 0 ಆಗಬಹುದು. ಎ 1009, ಬಿ 1000 ಕೂಡ ಅಷ್ಟೇ ಸರಿ. ಬೆಟ್ಟದ ಎರಡು ಮೆಟ್ಟಿಲುಗಳ ನಡುವಿನ ಅಂತರ ಗೊತ್ತು, ಬೆಟ್ಟ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಯಾರೂ ಅಳೆದಿಲ್ಲ ಎಂಬಂಥ ಸ್ಥಿತಿ ಇದು. ಪ್ರೈಮರಿ ಕಡೆಯ ಗ್ರೌಂಡ್ ಇಲ್ಲಿಗೆ ತಲುಪುವುದೇ ಇಲ್ಲ. ಇಂಥ ಭಾಗವನ್ನು ಫ್ಲೋಟಿಂಗ್, ಅಂದರೆ ತೇಲುತ್ತಿರುವ ಭಾಗ ಎನ್ನುತ್ತಾರೆ.

ಗುರುತಿಸಲು ಒಂದು ಸುಲಭ ಉಪಾಯವಿದೆ. ಸಮೀಕರಣಗಳನ್ನು ಮ್ಯಾಟ್ರಿಕ್ಸ್ ಆಗಿ ಬರೆದಾಗ, ಬರಿಯ ರೆಸಿಸ್ಟರುಗಳ ಜಾಲದಲ್ಲಿ, ಒಂದು ಸಾಲಿನ ಅಂಕಿಗಳ ಮೊತ್ತವೆಂದರೆ ಆ ನೋಡ್ ನೇರವಾಗಿ ಗ್ರೌಂಡಿಗೆ ಎಷ್ಟು ಅಂಟಿಕೊಂಡಿದೆ ಎಂಬುದರ ಅಳತೆ. ಒಂದೆರಡು ಸಾಲುಗಳ ಮೊತ್ತ ಸೊನ್ನೆಯಾದರೆ ಚಿಂತೆಯಿಲ್ಲ, ಆ ನೋಡ್ ನೆರೆಯ ನೋಡಿನ ಮೂಲಕ ಗ್ರೌಂಡ್ ಸೇರಬಹುದು. ಆದರೆ ಹೊರಗಿನ ಯಾವುದಕ್ಕೂ ತಾಗದ ಒಂದು ಗುಂಪಿನ ಎಲ್ಲ ಸಾಲುಗಳ ಮೊತ್ತವೂ ಸೊನ್ನೆಯಾದರೆ ಆ ಗುಂಪು ತೇಲುತ್ತಿದೆ. ಡಿಟರ್ಮಿನೆಂಟ್ ಸೊನ್ನೆ, ಮ್ಯಾಟ್ರಿಕ್ಸ್ ಸಿಂಗ್ಯುಲರ್, ಭಾಗಿಸಲು ಹೋದ ಕಂಪ್ಯೂಟರ್ ಅಲ್ಲೇ ನಿಲ್ಲುತ್ತದೆ.

1970ರ ದಶಕದ ಮೊದಲಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪೈಸ್ ಎಂಬ ಸರ್ಕ್ಯೂಟ್ ತಂತ್ರಾಂಶ, ಅದರಿಂದ ಕವಲೊಡೆದ ಇಂದಿನ ಹಲವು ತಂತ್ರಾಂಶಗಳು ‘singular matrix’ ಅಥವಾ ‘node is floating’ ಎಂದು ದೂರುವುದು ಬಹಳಷ್ಟು ಸಲ ಇದನ್ನೇ. ಸ್ಪೈಸಿನಲ್ಲಿ ಗ್ರೌಂಡಿನ ಹೆಸರು 0. ನಮ್ಮ ಟ್ರಾನ್ಸ್‌ಫಾರ್ಮರ್ ಅಲ್ಲಿ ಹೀಗೆ ಕಾಣುತ್ತದೆ:

```
* 230V / 12V transformer
V1 p 0 SIN(0 325 50)
RS p in 1
L1 in 0 10
L2 s b 27m
K1 L1 L2 0.999
RW s a 10
RL a b 30
```

ಸೆಕೆಂಡರಿಯ s, a, b ಎಂಬ ಮೂರು ಹೆಸರುಗಳಿರುವ ಯಾವ ಸಾಲಿನಲ್ಲೂ 0 ಇಲ್ಲ, ಪ್ರೈಮರಿಯ ನೋಡುಗಳೂ ಇಲ್ಲ. K1 ಸಾಲು ಸುರುಳಿಗಳನ್ನು ಹೆಣೆಯುತ್ತದೆಯೇ ಹೊರತು ನೋಡುಗಳನ್ನಲ್ಲ. ಮದ್ದು ಒಂದೇ ಸಾಲು:

```
R9 b 0 1G
```

ಒಂದು ಗಿಗಾಓಮಿನ ರೆಸಿಸ್ಟರ್ ಎಂದು ಹೆದರಿಸುವ ಅಂಕಿ ಕಂಡರೂ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಸೆಕೆಂಡರಿಗೆ ಹೊರಗಿನ ಸಂಪರ್ಕ ಇದೊಂದೇ ಆದ್ದರಿಂದ ಇಲ್ಲಿ ಹೋದ ಕರೆಂಟಿಗೆ ಮರಳುವ ದಾರಿ ಇಲ್ಲ. ಹಾಗಾಗಿ ಬಿ ಸೊನ್ನೆಯಲ್ಲಿ ನಿಲ್ಲುತ್ತದೆ, ಲೋಡಿನ ಮೇಲಿನ ವೋಲ್ಟೇಜ್ ಬದಲಾಗುವುದಿಲ್ಲ. ನೇರ ತಂತಿಯನ್ನೇ ಹಾಕಿದರೂ ಫಲಿತಾಂಶ ಅದೇ. ಎರಡು ಕಡೆ ಕಟ್ಟಿದರೆ ಮಾತ್ರ ಆಟ ಬದಲಾಗುತ್ತದೆ: ಆಗ ಕರೆಂಟಿಗೆ ಹೊಸ ಹಾದಿ ಸಿಕ್ಕಿತು. ರೆಸಿಸ್ಟರನ್ನು ಇನ್ನೂ ಇನ್ನೂ ದೊಡ್ಡದು ಮಾಡುತ್ತ ಹೋಗುವುದೂ ಜಾಣತನವಲ್ಲ. ಕಂಪ್ಯೂಟರ್ ಸುಮಾರು 16 ಅಂಕಿಗಳಷ್ಟೇ ನಿಖರತೆ ಇಟ್ಟುಕೊಳ್ಳುತ್ತದೆ. ಪಕ್ಕದಲ್ಲಿ ಮಿಲಿಓಮಿನ ರೆಸಿಸ್ಟರ್ ಇದ್ದರೆ ಅತಿ ದೊಡ್ಡ ರೋಧದ ಸಣ್ಣ ಪಾಲು ಕೂಡುವಾಗಲೇ ಅಳಿಸಿಹೋಗಬಹುದು. ಆಗ ತಂತ್ರಾಂಶ ದೂರದೆ, 12 ವೋಲ್ಟಿನ ಸುರುಳಿಯ ಎರಡು ತುದಿಗಳಿಗೂ ಲಕ್ಷಗಟ್ಟಲೆ ವೋಲ್ಟ್ ತೋರಿಸಬಹುದು. ವ್ಯತ್ಯಾಸ ನಂಬುವಂತಿದ್ದು ಒಂದೊಂದು ಅಂಕಿಯೂ ಅಸಂಬದ್ಧವಾಗಿದ್ದರೆ ತೇಲುವ ಭಾಗವನ್ನು ಅಲ್ಲೇ ಹುಡುಕಬೇಕು.

ಕೆಪಾಸಿಟರ್ ಇನ್ನೊಂದು ಮರೆಗೇಡಿ. ಎರಡು ಕೆಪಾಸಿಟರುಗಳನ್ನು ಸರಣಿಯಲ್ಲಿ ಜೋಡಿಸಿದರೆ ನಡುವಿನ ನೋಡ್ ಚಿತ್ರದಲ್ಲಿ ಎರಡೂ ಕಡೆ ಗಟ್ಟಿಯಾಗಿ ಕಟ್ಟಿದಂತೆ ಕಾಣುತ್ತದೆ. ಎಸಿ ಲೆಕ್ಕದಲ್ಲಿ ಅದು ನಿಜವೂ ಹೌದು. ಡಿಸಿ ಲೆಕ್ಕದಲ್ಲಿ ಕೆಪಾಸಿಟರ್ ತುಂಡಾದ ತಂತಿ, ಹೀಗಾಗಿ ಆ ನೋಡಿನ ಸಮೀಕರಣ 0 × V = 0. ಯಾವ ಅಂಕಿ ಹಾಕಿದರೂ ಸರಿ. ಅದೇ ನೋಡಿಗೆ 1 ಮಿಲಿಆಂಪಿಯರ್ ತಳ್ಳುವ ಕರೆಂಟ್ ಮೂಲವನ್ನು ಸೇರಿಸಿದರೆ 0 × V = 1 ಆಗಿ, ಯಾವ ಅಂಕಿಯೂ ಸರಿಹೋಗದು. ಮೊದಲನೆಯದರಲ್ಲಿ ಉತ್ತರಗಳು ಲೆಕ್ಕವಿಲ್ಲದಷ್ಟು, ಎರಡನೆಯದರಲ್ಲಿ ಒಂದೂ ಇಲ್ಲ. ಮ್ಯಾಟ್ರಿಕ್ಸ್ ಮಾತ್ರ ಎರಡರಲ್ಲೂ ಸಿಂಗ್ಯುಲರ್. ಮೊದಲನೆಯದಕ್ಕೆ ದೊಡ್ಡ ರೆಸಿಸ್ಟರ್ ಸಾಕು. ಎರಡನೆಯದರಲ್ಲಿ ಸರ್ಕ್ಯೂಟೇ ತಪ್ಪಾಗಿದೆ. ಅಲ್ಲಿ ಗಿಗಾಓಮ್ ಸೇರಿಸಿದರೆ ಹತ್ತು ಲಕ್ಷ ವೋಲ್ಟ್ ಎಂಬ ‘ಉತ್ತರ’ ಬರುತ್ತದೆ!

ಕಾಗದದ ಮೇಲಿನ ಈ ಸ್ವಾತಂತ್ರ್ಯ ಕೆಲಸದ ಮೇಜಿನ ಮೇಲೆ ಇರುವುದಿಲ್ಲ. ಕರೆಂಟಿಗೆ ಸಿಕ್ಕಿಸಿದ ಸಾಮಾನ್ಯ ಆಸಿಲೋಸ್ಕೋಪಿನ ಕಪ್ಪು ಕ್ಲಿಪ್ ಒಳಗಿನಿಂದಲೇ ಮನೆಯ ಅರ್ತಿಂಗಿಗೆ ಸೇರಿರುತ್ತದೆ. ಮೊಬೈಲ್ ಚಾರ್ಜರಿನ 230 ವೋಲ್ಟ್ ಕಡೆಯ ಮೈನಸ್ ಗೆರೆಯನ್ನು ಕಾಗದದಲ್ಲಿ ಧೈರ್ಯವಾಗಿ ಸೊನ್ನೆ ಎನ್ನಬಹುದು. ಆದರೆ ಆ ಗೆರೆಗೇ ಕ್ಲಿಪ್ ಹಾಕಿದರೆ ಬ್ರಿಡ್ಜ್ ಡಯೋಡುಗಳ ಮೂಲಕ ಮೇನ್ಸ್ ನೇರವಾಗಿ ಶಾರ್ಟ್ ಆಗುತ್ತದೆ. ರಿಪೇರಿಯವರು ಆ ಕಡೆಯನ್ನು ನೋಡುವಾಗ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನಿಂದ ಚಾರ್ಜರಿನ ಆ ಭಾಗವನ್ನು ಬೇಕೆಂದೇ ತೇಲಿಸುತ್ತಾರೆ, ಇಲ್ಲವೇ ಡಿಫರೆನ್ಶಿಯಲ್ ಪ್ರೋಬ್ ಬಳಸುತ್ತಾರೆ.